‘ಕಟ್ಟಿದ ಹಣ ವಾಪಸ್ ಇಲ್ಲ’ ಆದ ಮೇಲೆ ಒಂದು ಅಲ್ಪವಿರಾಮ ಇತ್ತು

ತುಮಕೂರಿನಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಬಾಡಿಗೆ ಕರಾರು, ಅಫಿಡವಿಟ್, ಬ್ಯಾಂಕಿನವರು ಕಳಿಸಿದ ಇಂಗ್ಲಿಷ್ ನೋಟಿಸು, ಇಂಥವನ್ನೆಲ್ಲ ಓದಿ ಕನ್ನಡದಲ್ಲಿ ಹೇಳಿ ಟೈಪ್ ಮಾಡಿಕೊಡುವುದು ದಿನದ ಕೆಲಸ. ಆದರೆ ನಮ್ಮ ಮನೆಯದೇ ಕಾಗದ ಮುಂದೆ ಬಂದಾಗ ಕೈ ಸ್ವಲ್ಪ ತಡವರಿಸಿತು.

ಆಗಸ್ಟ್ 25, ಸೋಮವಾರ. ಮಾರನೇ ದಿನ ಗೌರಿ ಹಬ್ಬ. ಬೆಳಿಗ್ಗೆ ಹತ್ತೂವರೆಗೆ ಗುಬ್ಬಿ ಕಡೆಯಿಂದ ಚಿಕ್ಕಪ್ಪ ಬಂದರು, ಜೊತೆಗೆ ತಂಗಿ. ಅವಳು ಇಲ್ಲೇ ಒಂದು ಕೋಚಿಂಗ್ ಕೇಂದ್ರದಲ್ಲಿ ನೀಟ್ ಲಾಂಗ್ ಟರ್ಮ್‌ಗೆ ಸೇರಿದ್ದಳು. ಅಷ್ಟರಲ್ಲಿ ಕೆಇಎ ಸೀಟು ಹಂಚಿಕೆಯಲ್ಲಿ ಕೃಷಿಕರ ಕೋಟಾದಡಿ ಬಿ.ಎಸ್ಸಿ. ಕೃಷಿ ಸಿಕ್ಕಿತು. ಅವಳಿಗೂ ಅದೇ ಇಷ್ಟ. ಆಗಸ್ಟ್ 11ಕ್ಕೆ ಕ್ಲಾಸಿಗೆ ಹೋಗುವುದು ನಿಲ್ಲಿಸಿದ್ದಳು.

“ಮೂರು ಸಲ ಅಲೆದೆ ಕಣಮ್ಮ. ಫೋನೂ ಮಾಡಿದೆ. ಕಟ್ಟಿದ ಹಣ ವಾಪಸ್ ಇಲ್ಲ, ನೀವೇ ಸೈನ್ ಹಾಕಿದೀರ ನೋಡಿ ಅಂತಾರೆ. ಏನ್ ಸೈನ್ ಹಾಕಿದೀನೋ ಓದ್ ಹೇಳು” ಅಂದರು ಚಿಕ್ಕಪ್ಪ. ಕೊಬ್ಬರಿ ಮಾರಿದ ದುಡ್ಡು ಅದು, ಒಂದೇ ಕಂತಿನಲ್ಲಿ ಕಟ್ಟಿದ್ದರು. ರಸೀದಿ ಮಡಚಿ ಮಡಚಿ ಬಟ್ಟೆಯ ಹಾಗಾಗಿತ್ತು.

ನಾಲ್ಕು ಪುಟದ ಪ್ರವೇಶ ಕರಾರು. ಹನ್ನೊಂದನೇ ಷರತ್ತು ನಾಲ್ಕೇ ವಾಕ್ಯ. ಮೊದಲನೆಯದು: ‘ಫೀ ಒನ್ಸ್ ಪೇಯ್ಡ್ ಷಲ್ ನಾಟ್ ಬಿ ರಿಫಂಡೆಡ್ ಅಂಡರ್ ಎನಿ ಸರ್ಕಮ್‌ಸ್ಟೆನ್ಸಸ್, ಸೇವ್ ಆಸ್ ಪ್ರೊವೈಡೆಡ್ ಹಿಯರ್‌ಇನ್.’ ಕೌಂಟರಿನವರು ಓದಿ ಹೇಳಿದ್ದು ಅಲ್ಪವಿರಾಮದ ತನಕ ಮಾತ್ರ. ಅದರ ನಂತರದ ‘ಸೇವ್’ಗೆ ಉಳಿಸು ಅನ್ನುವ ಅರ್ಥವಿಲ್ಲ. ‘ಬಿಟ್ಟು’ ಅಂತ ಅರ್ಥ. ನಾನು ಹೀಗೆ ಬರೆದೆ: “ಇಲ್ಲಿ ಮುಂದೆ ಹೇಳಿರುವ ಸಂದರ್ಭವನ್ನು ಬಿಟ್ಟು, ಒಮ್ಮೆ ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸತಕ್ಕದ್ದಲ್ಲ.” ಬಿಟ್ಟು ಅನ್ನುವುದನ್ನು ಬೇಕೆಂದೇ ಮುಂದಕ್ಕೆ ತಂದೆ. ಇಂಗ್ಲಿಷಿನಲ್ಲಿ ವಿನಾಯಿತಿ ಕೊನೆಯಲ್ಲಿ ಬರುತ್ತದೆ, ಕೇಳುವವರು ಅಷ್ಟರಲ್ಲಿ ಸೋತು ಎದ್ದಿರುತ್ತಾರೆ. ಕನ್ನಡದಲ್ಲಿ ಅದು ಮೊದಲೇ ಬಂದರೆ ವಾಕ್ಯದ ಮುಖವೇ ಬೇರೆ.

ಎರಡನೇ ವಾಕ್ಯ ಉದ್ದ, ಅದರಲ್ಲೇ ಎಲ್ಲ ಇತ್ತು. ಕೋರ್ಸ್ ಶುರುವಾದ 60 ದಿನದೊಳಗೆ, ವೃತ್ತಿಪರ ಕೋರ್ಸಿಗೆ ಪ್ರವೇಶ ಸಿಕ್ಕ ಕಾರಣಕ್ಕೆ ಬಿಡುವ ವಿದ್ಯಾರ್ಥಿಗೆ ಬೋಧನಾ ಶುಲ್ಕವನ್ನು ‘ಪ್ರೊ ರಾಟಾ’ ಲೆಕ್ಕದಲ್ಲಿ ವಾಪಸ್ ಕೊಡುವ ವಿಚಾರ. ಇದನ್ನು ಮೊದಲ ಸಲ ಅವಸರದಲ್ಲಿ “ಶುಲ್ಕವನ್ನು ಹಿಂತಿರುಗಿಸಲಾಗುವುದು” ಅಂತ ಟೈಪ್ ಮಾಡಿಬಿಟ್ಟೆ. ಓದಿ ಹೇಳಿದ್ದೇ ಚಿಕ್ಕಪ್ಪನ ಮುಖ ಅರಳಿತು. ತಂಗಿ ಪರದೆಯ ಕಡೆ ಬಗ್ಗಿ, “ಅಕ್ಕ, ಇಲ್ಲಿ ‘ಮೇ ಬಿ ಕನ್ಸಿಡರ್ಡ್’ ಅಂತಿದೆಯಲ್ವಾ?” ಅಂದಳು.

ಇತ್ತು. ನನಗೆ ನಾಚಿಕೆಯಾಯಿತು. ನಮ್ಮ ಕನ್ನಡ ಕಾಯಿದೆ ಪುಸ್ತಕಗಳಲ್ಲಿ ಇದಕ್ಕೆ ಹಳೆಯ ರೂಢಿಯೇ ಇದೆ. ‘ಷಲ್’ ಬಂದರೆ ತಕ್ಕದ್ದು, ‘ಮೇ’ ಬಂದರೆ ಬಹುದು. ‘ಲಾಗುವುದು’ ಅಂತ ಬರೆದರೆ ಕೇಂದ್ರದವರು ಕೊಡದ ಮಾತನ್ನು ನಾನೇ ಕೊಟ್ಟ ಹಾಗಾಯಿತು. ಚಿಕ್ಕಪ್ಪ ಅದೇ ಧೈರ್ಯದಲ್ಲಿ ಕೌಂಟರಿಗೆ ಹೋಗಿ “ಕೊಡ್ತೀವಿ ಅಂತ ಬರೆದಿದೀರ” ಅಂದಿದ್ದರೆ, ಅವರು ಆ ಒಂದು ಪದ ತೋರಿಸಿ ವಾಪಸ್ ಕಳಿಸುತ್ತಿದ್ದರು. “ಹಿಂತಿರುಗಿಸುವ ಬಗ್ಗೆ ಪರಿಗಣಿಸಬಹುದು” ಅಂತ ತಿದ್ದಿದೆ. ಚಿಕ್ಕಪ್ಪನ ಮುಖ ಮತ್ತೆ ಇಳಿಯಿತು. ಏನು ಮಾಡುವುದು, ಇದ್ದದ್ದು ಅಷ್ಟೇ.

ಅದೇ ವಾಕ್ಯದ ನಡುವೆ ಇನ್ನೊಂದು ಪದ: ಸೀಟು ಹಂಚಿಕೆ ಆದೇಶದ ಮೂಲ ಪ್ರತಿಯ ‘ಪ್ರೊಡಕ್ಷನ್’ಗೆ ಒಳಪಟ್ಟು. ನಿಘಂಟು ನೋಡಿದರೆ ಉತ್ಪಾದನೆ ಅನ್ನುತ್ತದೆ. ಕೋರ್ಟು ಕಚೇರಿಯ ಭಾಷೆಯಲ್ಲಿ ಅದು ಹಾಜರುಪಡಿಸುವುದು, ಅಂದರೆ ತಂದು ತೋರಿಸುವುದು. ಒಪ್ಪಿಸಿ ಬರುವುದಲ್ಲ. ಕೌಂಟರಿನವರು “ಒರಿಜಿನಲ್ ಕೊಟ್ಟು ಹೋಗಿ, ಆಮೇಲೆ ನೋಡೋಣ” ಅಂದಿದ್ದರಂತೆ. ಆ ಕಾಗದವನ್ನು ಕೃಷಿ ಕಾಲೇಜಿಗೂ ತೋರಿಸಬೇಕಿತ್ತು. ಕೊಡಲೋ ಬೇಡವೋ ಅಂತ ಚಿಕ್ಕಪ್ಪ ಒದ್ದಾಡಿದ್ದು ಇದಕ್ಕೇ, ಅದರಲ್ಲೇ ಒಂದು ವಾರ ಹೋಗಿತ್ತು. ಮೂಲ ತೋರಿಸಿ ಜೆರಾಕ್ಸ್ ಕೊಟ್ಟರೆ ಷರತ್ತು ಪೂರೈಸಿದ ಹಾಗೆ.

ನನ್ನ ಎದೆ ಧಸಕ್ಕೆಂದಿದ್ದು ಮೂರನೇ ವಾಕ್ಯದಲ್ಲಿ. ಲಿಖಿತ ಅರ್ಜಿ ತಲುಪಿದ ದಿನವನ್ನೇ ಬಿಟ್ಟ ದಿನ ಎಂದು ಭಾವಿಸತಕ್ಕದ್ದು. ‘ಡೀಮ್ಡ್’ ಅನ್ನುವ ಪದ ಅಲ್ಲಿತ್ತು. ನಿಜ ಏನೇ ಇರಲಿ, ಲೆಕ್ಕಕ್ಕೆ ಇದೇ ನಿಜ ಅಂತ ಅದರ ಅರ್ಥ. ತಂಗಿ 11ಕ್ಕೇ ಬಿಟ್ಟಿದ್ದಳು, ಚಿಕ್ಕಪ್ಪ 14ಕ್ಕೆ ಫೋನ್ ಮಾಡಿದ್ದರು, ಮೂರು ಸಲ ಹೋಗಿದ್ದರು. ಯಾವುದೂ ಲೆಕ್ಕಕ್ಕಿಲ್ಲ. ಕಾಗದದ ಪ್ರಕಾರ ಅವಳು ಇನ್ನೂ ದಿನಾ ಕ್ಲಾಸಿಗೆ ಹೋಗುತ್ತಿದ್ದಳು!

ಕ್ಯಾಲೆಂಡರ್ ತೆಗೆದೆ. ಕೋರ್ಸ್ ಶುರುವಾಗಿದ್ದು ಜುಲೈ 1ಕ್ಕೆ. ತಂಗಿ ಸೇರಿದ್ದು 8ಕ್ಕೆ. ಆದರೆ ಷರತ್ತಿನಲ್ಲಿ ಇರುವುದು ಕೋರ್ಸ್ ಶುರುವಾದ ದಿನ, ಸೇರಿದ ದಿನ ಅಲ್ಲ. ಜುಲೈ 1ನ್ನೂ ಸೇರಿಸಿ ಎಣಿಸಿದರೆ 60ನೇ ದಿನ ಆಗಸ್ಟ್ 29. ಮಂಗಳವಾರ ಗೌರಿ, ಬುಧವಾರ ಗಣೇಶ. ಹಬ್ಬ ಮುಗಿಸಿಕೊಂಡು ಬರೋಣ ಅಂತ ಚಿಕ್ಕಪ್ಪ ಊರಿಗೆ ಹೋಗಿದ್ದರೆ ಉಳಿಯುತ್ತಿದ್ದುದು ಗುರುವಾರ, ಶುಕ್ರವಾರ ಎರಡೇ ದಿನ. “ಊಟ ಆಮೇಲೆ ಚಿಕ್ಕಪ್ಪ. ಅರ್ಜಿ ಇವತ್ತೇ ಹೋಗಬೇಕು” ಅಂದೆ.

ನಾಲ್ಕನೇ ವಾಕ್ಯ, ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ. ಇದನ್ನು ಇದ್ದ ಹಾಗೇ ಅನುವಾದಿಸಿದೆ, ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಾಗೆ ಬರೆದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಶಾಲೆ, ವಿಶ್ವವಿದ್ಯಾಲಯಗಳ ವಿಷಯದಲ್ಲಿ ಗ್ರಾಹಕ ಕಾಯಿದೆ ಅನ್ವಯಿಸುತ್ತದೋ ಇಲ್ಲವೋ ಅನ್ನುವ ವಾದ ಬೇರೆ. ಕೋಚಿಂಗ್ ಕೇಂದ್ರಗಳು ಆ ಸಾಲಿಗೆ ಬರುವುದಿಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಹೇಳಿದೆ.

ಆಮೇಲೆ ಲೆಕ್ಕ. ರಸೀದಿಯಲ್ಲಿ ಸಾಲು ಸಾಲಾಗಿ ಇತ್ತು, ಅದೇ ನಮ್ಮ ಪುಣ್ಯ. ಬೋಧನಾ ಶುಲ್ಕ 60,000. ಪುಸ್ತಕ, ನೋಟ್ಸು 6,000. ನೋಂದಣಿ 2,000. ಒಟ್ಟು 68,000ಕ್ಕೆ ಶೇಕಡ 18ರ ಜಿಎಸ್‌ಟಿ 12,240. ಎಲ್ಲ ಸೇರಿ 80,240 ರೂಪಾಯಿ.

ಕೋರ್ಸ್ ಏಪ್ರಿಲ್ 30ರ ತನಕ, 304 ದಿನ. ಆಗಸ್ಟ್ 25ಕ್ಕೆ 56 ದಿನ ಕಳೆದಿದೆ, 248 ಉಳಿದಿದೆ. ಬೋಧನಾ ಶುಲ್ಕವನ್ನು ಹಾಗೆ ಹಂಚಿದರೆ ಉಳಿದ ದಿನಗಳ ಪಾಲು 48,947 ರೂಪಾಯಿ. ದಿನಕ್ಕೆ ಸುಮಾರು 197 ರೂಪಾಯಿ ಬೀಳುತ್ತದೆ. ಅಂದರೆ 11ರಿಂದ 25ರ ತನಕ ಬಾಯಿಮಾತಲ್ಲಿ ಅಲೆದ ಹದಿನಾಲ್ಕು ದಿನಕ್ಕೆ 2,700ಕ್ಕೂ ಜಾಸ್ತಿ ಹೋಗಿತ್ತು. ಇದನ್ನು ಚಿಕ್ಕಪ್ಪನಿಗೆ ಹೇಳಲಿಲ್ಲ.

‘ಪ್ರೊ ರಾಟಾ’ ಅಂದರೆ ಪ್ರಮಾಣಕ್ಕೆ ತಕ್ಕ ಹಾಗೆ. ದಿನದ ಪ್ರಮಾಣವೋ ತಿಂಗಳಿನದೋ ಷರತ್ತು ಹೇಳಿರಲಿಲ್ಲ. ತಿಂಗಳ ಲೆಕ್ಕದಲ್ಲಿ ಆಗಸ್ಟ್ ಪೂರ್ತಿ ಕಳೆದರೆ 48,000 ಬರುತ್ತದೆ. ದೊಡ್ಡ ವ್ಯತ್ಯಾಸವಿಲ್ಲ. ಕರಾರು ಬರೆದವರೇ ಒಂದು ಮಾತನ್ನು ಅಸ್ಪಷ್ಟವಾಗಿ ಬಿಟ್ಟಿದ್ದರೆ, ಅದನ್ನು ಬರೆದವರಿಗೆ ವಿರುದ್ಧವಾಗಿ, ಸಹಿ ಹಾಕಿದವರಿಗೆ ಅನುಕೂಲವಾಗಿ ಓದಬೇಕು ಅನ್ನುವ ಕಾನೂನು ತತ್ವವೊಂದಿದೆ. ಹಾಗಾಗಿ ದಿನದ ಲೆಕ್ಕವನ್ನೇ ಕೇಳಿದೆವು.

ನಿಜವಾದ ಗುಂಡಿ ಬೇರೆ ಕಡೆ ಇತ್ತು. ‘ನೋಂದಣಿ ಶುಲ್ಕ, ಅಧ್ಯಯನ ಸಾಮಗ್ರಿ ಮತ್ತು ಅನ್ವಯಿಸುವ ತೆರಿಗೆಗಳನ್ನು ಕಳೆದ ನಂತರ’ ಅಂತ ಷರತ್ತಿನಲ್ಲಿತ್ತು. ಯಾವುದರಿಂದ ಕಳೆಯುವುದು? ಒಟ್ಟು ಕಟ್ಟಿದ ಹಣದಿಂದ ಕಳೆದರೆ ಸರಿ. ಆ 8,000 ರೂಪಾಯಿಯನ್ನು ನಾವು ಬೇರೆಯಾಗಿ ಕಟ್ಟಿದ್ದೇವೆ, ಅದನ್ನು ವಾಪಸ್ ಕೇಳುತ್ತಲೂ ಇಲ್ಲ. ಆದರೆ ಬೋಧನಾ ಶುಲ್ಕದ 48,000ದಿಂದ ಅದನ್ನು ಮತ್ತೆ ಕಳೆದರೆ ಒಂದೇ ಪುಸ್ತಕಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಅನುವಾದ ಮಾಡುವಾಗ ಇದನ್ನು ನಾನು ಗಮನಿಸಲೇ ಇರಲಿಲ್ಲ. ರಸೀದಿಯನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿದಾಗ ಕಂಡಿದ್ದು.

ತೆರಿಗೆಯದೂ ಹಾಗೇ. ನಡೆದ ಪಾಠದ ಮೇಲಿನ ತೆರಿಗೆ ಸರ್ಕಾರಕ್ಕೆ ಹೋಗಲಿ. ನಡೆಯದ ಪಾಠದ ಹಣ ವಾಪಸ್ ಬಂದರೆ ಅದರ ಮೇಲಿನ ತೆರಿಗೆಯೂ ಬರಬೇಕಲ್ವಾ? ಜಿಎಸ್‌ಟಿ ಕಾಯಿದೆಯ 34ನೇ ಕಲಂನಲ್ಲಿ ಕ್ರೆಡಿಟ್ ನೋಟ್ ಅನ್ನುವ ವ್ಯವಸ್ಥೆ ಇದೆ. ಕೇಂದ್ರದವರು ಅದನ್ನು ಕೊಟ್ಟು, ಮುಂದಿನ ರಿಟರ್ನ್‌ನಲ್ಲಿ ಅಷ್ಟು ತೆರಿಗೆ ಕಡಿಮೆ ತೋರಿಸಬಹುದು. ಅವರ ಕೈಯಿಂದ ಏನೂ ಹೋಗುವುದಿಲ್ಲ. ನಮ್ಮ ಅಂಗಡಿಗೆ ಬರುವ ಲೆಕ್ಕಪತ್ರದವರಿಂದ ಇದು ನನಗೆ ಮೊದಲೇ ಗೊತ್ತಿತ್ತು.

ಅರ್ಜಿ ಬರೆಯಲು ಕೂತಾಗ ಜಗಳವೇ ಆಯಿತು. “ಪಾಠ ಸರಿಯಾಗಿ ಮಾಡಲ್ಲ, ಒಂದು ರೂಮಲ್ಲಿ ನೂರು ಜನ ಕೂರಿಸ್ತಾರೆ, ಅದನ್ನೂ ಹಾಕು” ಅಂದರು ಚಿಕ್ಕಪ್ಪ. ಅದು ನಿಜವೇ ಇರಬಹುದು. ಆದರೆ ಷರತ್ತು ಕೊಡುವ ದಾರಿ ಒಂದೇ: ವೃತ್ತಿಪರ ಕೋರ್ಸಿಗೆ ಪ್ರವೇಶ. ಪಾಠ ಸರಿಯಿಲ್ಲ ಅಂತ ಒಂದು ಸಾಲು ಬರೆದರೆ, ‘ಇವರು ಬಿಟ್ಟಿದ್ದು ಅಸಮಾಧಾನದಿಂದ, ಸೀಟು ನೆಪ’ ಅಂತ ಹೇಳಲು ಅವರಿಗೆ ಜಾಗ ಸಿಗುತ್ತದೆ. ತೆಗೆಸಿದೆ. ಆಮೇಲೆ ಅವರು ಇನ್ನೊಂದು ತುದಿಗೆ ಹೋದರು. “ಬಡ ರೈತ, ಕೈ ಮುಗಿದು ಬೇಡಿಕೊಳ್ತೀನಿ ಅಂತ ಬರಿ.” ಅದನ್ನೂ ಬರೆಯಲಿಲ್ಲ. ಕರಾರಿನಲ್ಲಿ ಇರುವುದನ್ನೇ ಕೇಳುವಾಗ ಬೇಡುವುದು ಯಾಕೆ? ಬೇಡಿದರೆ ಅದು ದಾನದ ವಿಷಯವಾಗುತ್ತದೆ, ಕೊಡುವವರು ಎಷ್ಟು ಬೇಕಾದರೂ ಕೊಡಬಹುದು.

ಮೊದಲ ಪ್ರತಿ ಚಿಕ್ಕಪ್ಪನ ಹೆಸರಿನಲ್ಲಿತ್ತು. ಟೈಪ್ ಆದ ಮೇಲೆ ನೋಡಿದರೆ ರಸೀದಿ ತಂಗಿಯ ಹೆಸರಿಗೆ. ಹದಿನೆಂಟು ತುಂಬಿದೆ, ಕರಾರಿಗೂ ಅವಳೇ ಸಹಿ ಹಾಕಿದ್ದಾಳೆ, ಇವರು ಪೋಷಕರ ಜಾಗದಲ್ಲಿ. ಹಾಗಾಗಿ ಅರ್ಜಿ ಅವಳದು, ಕೆಳಗೆ ಇವರ ಸಹಿ. ಕೊನೆಗೆ ಹೀಗಾಯಿತು:

“ಮಾನ್ಯರೇ,

ವಿಷಯ: ಕೋರ್ಸ್ ಬಿಡುವ ಬಗ್ಗೆ ಮತ್ತು ಷರತ್ತು 11ರ ಪ್ರಕಾರ ಬೋಧನಾ ಶುಲ್ಕ ಹಿಂತಿರುಗಿಸಲು ಕೋರಿಕೆ.

ನಾನು ತಮ್ಮಲ್ಲಿ ಜುಲೈ 1ರಂದು ಆರಂಭವಾದ ನೀಟ್ ಲಾಂಗ್ ಟರ್ಮ್ ಕೋರ್ಸಿನ ವಿದ್ಯಾರ್ಥಿನಿ. ನನಗೆ ಕೆಇಎ ಮೂಲಕ ಬಿ.ಎಸ್ಸಿ. ಕೃಷಿ ಕೋರ್ಸಿಗೆ ಸೀಟು ದೊರೆತಿರುವುದರಿಂದ ಈ ಕೋರ್ಸನ್ನು ಬಿಡುತ್ತಿದ್ದೇನೆ. ಇದು ಕೋರ್ಸ್ ಆರಂಭವಾದ 56ನೇ ದಿನ. ಹಂಚಿಕೆ ಆದೇಶದ ಮೂಲ ಪ್ರತಿಯನ್ನು ಇಂದು ಹಾಜರುಪಡಿಸಿ, ನಕಲನ್ನು ಲಗತ್ತಿಸಿದ್ದೇನೆ. ನನ್ನಿಂದ ಯಾವ ಬಾಕಿಯೂ ಇಲ್ಲ.

ರಸೀದಿಯಂತೆ ನೋಂದಣಿಯ 2,000 ಮತ್ತು ಅಧ್ಯಯನ ಸಾಮಗ್ರಿಯ 6,000 ರೂಪಾಯಿಯನ್ನು ನಾನು ಪ್ರತ್ಯೇಕವಾಗಿ ಪಾವತಿಸಿದ್ದು, ಅವುಗಳನ್ನು ಹಿಂದಕ್ಕೆ ಕೇಳುತ್ತಿಲ್ಲ. ಬೋಧನಾ ಶುಲ್ಕ 60,000 ರೂಪಾಯಿಯಲ್ಲಿ ಉಳಿದ 248 ದಿನಗಳ ಪಾಲು 48,947 ರೂಪಾಯಿಯನ್ನು, ಅದಕ್ಕೆ ಸಂಬಂಧಿಸಿದ ಜಿಎಸ್‌ಟಿ ಸಹಿತ, ಕೆಳಗಿನ ಖಾತೆಗೆ ಜಮಾ ಮಾಡಲು ಕೋರುತ್ತೇನೆ. ಕೇಂದ್ರ ಶಿಕ್ಷಣ ಸಚಿವಾಲಯದ ಜನವರಿ 2024ರ ಮಾರ್ಗಸೂಚಿಯಲ್ಲಿ ಇಂಥ ಮರುಪಾವತಿಗೆ 10 ದಿನಗಳ ಅವಧಿ ಸೂಚಿಸಿರುವುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ದಯವಿಟ್ಟು ಲಿಖಿತವಾಗಿ ತಿಳಿಸಿ.

ಇಷ್ಟು ದಿನ ಪಾಠ ಹೇಳಿಕೊಟ್ಟ ಎಲ್ಲ ಉಪನ್ಯಾಸಕರಿಗೆ ನನ್ನ ಧನ್ಯವಾದಗಳು.”

ಕೊನೆಯ ಸಾಲು ತಂಗಿಯದು. ಬಯಾಲಜಿ ಮೇಷ್ಟ್ರು ಒಬ್ಬರು ತುಂಬಾ ಚೆನ್ನಾಗಿ ಹೇಳುತ್ತಿದ್ದರಂತೆ.

ಮಾರ್ಗಸೂಚಿಯ ಬಗ್ಗೆ ಒಂದು ಮಾತು. ಪೂರ್ತಿ ಶುಲ್ಕ ಕಟ್ಟಿ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದಲ್ಲಿ ಕೊಡಬೇಕು, ಅಲ್ಲಿನ ಹಾಸ್ಟೆಲ್‌ನಲ್ಲಿದ್ದರೆ ಹಾಸ್ಟೆಲ್ ಮತ್ತು ಊಟದ ಹಣವನ್ನೂ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ, ಅದೇ ಕಾಯಿದೆಯಲ್ಲ. ಅದಕ್ಕೇ ‘ಪ್ರಕಾರ ಕೊಡಲೇಬೇಕು’ ಅಂತ ಬರೆಯದೆ ‘ಗಮನಕ್ಕೆ ತರುತ್ತೇನೆ’ ಅಂದೆ. ಗ್ರಾಹಕ ಸಹಾಯವಾಣಿ 1915, ಜಿಲ್ಲಾ ಗ್ರಾಹಕ ಆಯೋಗ, ಇವನ್ನು ಮೊದಲ ಅರ್ಜಿಯಲ್ಲಿ ಎತ್ತಲಿಲ್ಲ. ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ, 5 ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ಅವಸರ ಏನಿತ್ತು?

ಮಧ್ಯಾಹ್ನ ಮೂರಕ್ಕೆ ಹೋದೆವು. ಕನ್ನಡದ್ದೊಂದು, ಬೇರೆ ಊರಲ್ಲಿರುವ ಅವರ ಮುಖ್ಯ ಕಚೇರಿಗೆ ಅಂತ ಇಂಗ್ಲಿಷಿನದೊಂದು, ಎರಡಕ್ಕೂ ನಕಲು. ಕೌಂಟರಿನ ಹುಡುಗಿ ಅರ್ಜಿ ತೆಗೆದುಕೊಂಡಳು, ಸೀಲು ಹಾಕಲು ಒಪ್ಪಲಿಲ್ಲ. “ಮೇಡಂ ಇಲ್ಲ, ಹಬ್ಬ ಆದ್ಮೇಲೆ ಬನ್ನಿ.” ಬದಲಿಗೆ ಅಚ್ಚು ಹಾಕಿದ ಒಂದು ಫಾರಂ ಕೊಟ್ಟಳು. ಇದಕ್ಕೆ ಸೈನ್ ಮಾಡಿದರೆ ಫೈಲ್ ಮುಂದೆ ಹೋಗುತ್ತದೆ ಅಂದಳು. ಅದರ ಕೊನೆಯಲ್ಲಿ ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಅಂತ ಇತ್ತು. ಬರಬೇಕಾದದ್ದೆಲ್ಲ ಬಂದಿದೆ, ಇನ್ನು ಏನೂ ಕೇಳುವುದಿಲ್ಲ ಅಂತ. ಮೊತ್ತದ ಜಾಗ ಖಾಲಿ! ಚಿಕ್ಕಪ್ಪ ಆಗಲೇ ಪೆನ್ನು ತೆಗೆದಿದ್ದರು. ಕೈ ಹಿಡಿದೆ. “ಹಣ ಬಂದ ಮೇಲೆ ಇದಕ್ಕೆ ಸಹಿ ಹಾಕ್ತೀವಮ್ಮ” ಅಂದೆ, ಆಕೆಯೂ ಸುಮ್ಮನಾದಳು.

ಸೀಲಿಲ್ಲದ ಅರ್ಜಿ ತಲುಪಿತು ಅನ್ನುವುದಕ್ಕೆ ಏನು ಗುರುತು? ಅಲ್ಲೇ ಮೆಟ್ಟಿಲ ಮೇಲೆ ನಿಂತು ಅರ್ಜಿ, ಆದೇಶ, ರಸೀದಿ ಮೂರರ ಫೋಟೋ ತೆಗೆದು, ರಸೀದಿಯ ತಲೆಯಲ್ಲಿದ್ದ ಇಮೇಲ್ ವಿಳಾಸಕ್ಕೆ ತಂಗಿಯ ಇಮೇಲಿನಿಂದ ಕಳಿಸಿದೆವು. ಸಂಜೆ ‘ನಿಮ್ಮ ಮನವಿ ಸ್ವೀಕರಿಸಲಾಗಿದೆ’ ಅಂತ ತಾನಾಗಿ ಬರುವ ಉತ್ತರ ಬಂತು, ದಿನಾಂಕದ ಸಮೇತ. ನಮಗೆ ಅಷ್ಟೇ ಬೇಕಾಗಿದ್ದಿದ್ದು.

ಹನ್ನೊಂದನೇ ದಿನ ಅವರ ಕಚೇರಿಯಿಂದ ಫೋನು. 40,000 ಮಂಜೂರಾಗಿದೆ ಅಂದರು. ತಿಂಗಳ ಲೆಕ್ಕದ 48,000ದಲ್ಲಿ 8,000 ಕಳೆದಿದ್ದರು, ನಾನು ಹೆದರಿದ ಹಾಗೇ. ಚಿಕ್ಕಪ್ಪ ಕಲಿಸಿದ ಹಾಗೆ ಹೇಳಿದರು: “ಸ್ವಾಮಿ, ಅರ್ಜಿಯ ಎರಡನೇ ಪ್ಯಾರಾ ಒಂದ್ಸಲ ನೋಡಿ. ಆ ಎಂಟು ಸಾವಿರ ನಿಮ್ಮ ಹತ್ರಾನೇ ಇದೆ, ರಸೀದೀಲಿ ಬೇರೆ ಸಾಲಲ್ಲಿದೆ.” ನೋಡಿ ಹೇಳುತ್ತೇವೆ ಅಂತ ಇಟ್ಟರು. ಹತ್ತೊಂಬತ್ತನೇ ದಿನ ಖಾತೆಗೆ 48,000 ಬಂತು.

ದಿನದ ಲೆಕ್ಕದ 947 ರೂಪಾಯಿಯನ್ನು ಬಿಟ್ಟೆವು. ಜಿಎಸ್‌ಟಿ ಬಂದಿರಲಿಲ್ಲ. 48,000ಕ್ಕೆ ಅದು 8,640, ಬಿಡುವಷ್ಟು ಸಣ್ಣದಲ್ಲ. ಎರಡನೇ ಪತ್ರವನ್ನು ತಂಗಿ ಕಾಲೇಜು ಹಾಸ್ಟೆಲಿನಿಂದ ತಾನೇ ಬರೆದು ನನ್ನ ಫೋನಿಗೆ ಕಳಿಸಿದಳು. ಹಣ ಬಂದದ್ದಕ್ಕೆ ಧನ್ಯವಾದ, ಉಳಿದ ತೆರಿಗೆಗೆ ಕ್ರೆಡಿಟ್ ನೋಟ್ ಕೊಟ್ಟು ಆ ಮೊತ್ತ ಜಮಾ ಮಾಡಿ, ಜಮಾ ಆದ ದಿನವೇ ನಿಮ್ಮ ಫಾರಂಗೆ ಸಹಿ ಹಾಕಿ ಕಳಿಸುತ್ತೇನೆ ಅಂತ. ಮೂರೇ ಸಾಲು. ‘ದಯವಿಟ್ಟು’ ಮೂರು ಕಡೆ ಇತ್ತು. ಎರಡು ತೆಗೆದು, ಕಳಿಸು ಅಂದೆ.